ಜರ್ಮನಿಯಲ್ಲಿ ನರ್ಸ್ ಕೆಲಸ: ವೀಸಾಕ್ಕಿಂತ ಮೊದಲು ತಿಳಿಯಬೇಕಾದ ಮೂರು ಕಾಗದಗಳು ಮತ್ತು ನಿಜವಾದ ಕಾಲಾವಧಿ

"ಜರ್ಮನಿಯ ಆಸ್ಪತ್ರೆಯವರು ಸ್ಪಾನ್ಸರ್ ಮಾಡುತ್ತಾರಂತೆ, ಆರು ತಿಂಗಳಲ್ಲಿ ವೀಸಾ ಬರುತ್ತದಂತೆ, ನಾಲ್ಕು ಲಕ್ಷ ಕಟ್ಟಬೇಕಂತೆ." ಮನೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ ಮಗಳೋ ಮಗನೋ ಇದ್ದರೆ ಈ ಮಾತು ಒಂದಲ್ಲ ಒಂದು ಕಡೆಯಿಂದ ಕಿವಿಗೆ ಬಿದ್ದೇ ಬಿದ್ದಿರುತ್ತದೆ. ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ಇರುವುದು ನಿಜ. ಅಲ್ಲಿಗೆ ಹೋಗಲು ಕಾನೂನುಬದ್ಧವಾದ, ಚೆನ್ನಾದ ದಾರಿ ಇರುವುದೂ ನಿಜ. ಆದರೆ ಮೇಲಿನ ವಾಕ್ಯದಲ್ಲಿರುವ ಸ್ಪಾನ್ಸರ್, ಆರು ತಿಂಗಳು, ನಾಲ್ಕು ಲಕ್ಷ ಎಂಬ ಮೂರೂ ಮಾತುಗಳು ತಪ್ಪು. ಅವು ಏಕೆ ತಪ್ಪು, ಸರಿಯಾದ ಲೆಕ್ಕ ಯಾವುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಇಲ್ಲಿ ಕೊಟ್ಟಿರುವ ನಿಯಮ ಮತ್ತು ಮೊತ್ತಗಳು 2025ರವು.

"ಸ್ಪಾನ್ಸರ್" ಎಂಬ ಮಾತಿನ ಗೊಂದಲ

ಈ ಪದ ಬಂದಿರುವುದು ಬ್ರಿಟನ್ನಿನ ಪದ್ಧತಿಯಿಂದ. ಅಲ್ಲಿ ಸರ್ಕಾರದಿಂದ ಸ್ಪಾನ್ಸರ್ ಪರವಾನಗಿ ಪಡೆದ ಸಂಸ್ಥೆ ಮಾತ್ರ ಹೊರದೇಶದವರನ್ನು ಕೆಲಸಕ್ಕೆ ಕರೆಯಬಹುದು. ಆ ಸಂಸ್ಥೆ ಕೊಡುವ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಆಧಾರದ ಮೇಲೆ ವೀಸಾ ಸಿಗುತ್ತದೆ. ಅಲ್ಲಿನ ಕೇರ್ ವರ್ಕರ್ ಹುದ್ದೆಗೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವುದು 2025ರ ಜುಲೈ 22ರಿಂದ ನಿಂತುಹೋಗಿದೆ.

ಜರ್ಮನಿಯಲ್ಲಿ ಸ್ಪಾನ್ಸರ್ ಪರವಾನಗಿ ಎಂಬುದೇ ಇಲ್ಲ. ಅಲ್ಲಿನ ಯಾವುದೇ ಆಸ್ಪತ್ರೆ ಅಥವಾ ವೃದ್ಧರ ಆರೈಕೆ ಕೇಂದ್ರ ನಿಮಗೆ ಕೆಲಸದ ಕರಾರುಪತ್ರ ಕೊಡಬಹುದು. ಅದರ ಜೊತೆಗೆ ಸಂಬಳ, ಕೆಲಸದ ಅವಧಿ, ಹುದ್ದೆಯ ವಿವರ ಬರೆದ ಸರ್ಕಾರಿ ನಮೂನೆಯನ್ನು ತುಂಬಿ ಕೊಡುತ್ತದೆ. ಅಲ್ಲಿನ ಕೇಂದ್ರ ಉದ್ಯೋಗ ಇಲಾಖೆ ಅದನ್ನು ನೋಡಿ ಒಪ್ಪಿಗೆ ಕೊಡುತ್ತದೆ. ಉದ್ಯೋಗದಾತರಿಂದ ಬೇಕಾದದ್ದು ಇಷ್ಟೇ. ಇದಕ್ಕಾಗಿ ಅಭ್ಯರ್ಥಿಯ ಮನೆಯವರು ಯಾರಿಗೂ "ಸ್ಪಾನ್ಸರ್ ಶುಲ್ಕ" ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ಜರ್ಮನಿಯ ಮಟ್ಟಿಗೆ ಯಾರಾದರೂ ಸ್ಪಾನ್ಸರ್‌ಶಿಪ್‌ಗೆ ಹಣ ಕೇಳಿದರೆ, ಆ ವ್ಯಕ್ತಿಗೆ ವಿಷಯ ಗೊತ್ತಿಲ್ಲ ಅಥವಾ ನಿಮಗೆ ಗೊತ್ತಿಲ್ಲ ಎಂದು ಅವರು ಭಾವಿಸಿದ್ದಾರೆ.

ಹಾಗಾದರೆ ಇಡೀ ಕೆಲಸ ನಿಂತಿರುವುದು ಯಾವುದರ ಮೇಲೆ? ಮೂರು ಕಾಗದಗಳ ಮೇಲೆ: ಭಾಷಾ ಪ್ರಮಾಣಪತ್ರ, ಪದವಿಯ ಮಾನ್ಯತೆಗೆ ಸಂಬಂಧಿಸಿದ ಸರ್ಕಾರಿ ಆದೇಶ, ಮತ್ತು ಕರಾರುಪತ್ರ. ಇವು ಸರಿಯಾಗಿದ್ದರೆ ವೀಸಾ ಕೊನೆಯ, ಸಣ್ಣ ಹಂತ.

ಮೊದಲ ಕಾಗದ: ಬಿ2 ಭಾಷಾ ಪ್ರಮಾಣಪತ್ರ

ಜರ್ಮನ್ ಭಾಷೆಯನ್ನು ಎ1, ಎ2, ಬಿ1, ಬಿ2 ಎಂದು ಹಂತ ಹಂತವಾಗಿ ಕಲಿಸುತ್ತಾರೆ. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಬೇಕು. ರೋಗಿ ನೋವನ್ನು ಹೇಗೆ ವಿವರಿಸುತ್ತಾನೆ ಎಂಬುದನ್ನು ಅರ್ಥ ಮಾಡಿಕೊಂಡು, ಪಾಳಿ ಬದಲಾಗುವಾಗ ಮುಂದಿನ ನರ್ಸ್‌ಗೆ ವರದಿ ಕೊಡಲು ಆಗುವ ಮಟ್ಟ ಅದು.

ಶೂನ್ಯದಿಂದ ಬಿ2ವರೆಗೆ ಸುಮಾರು 600ರಿಂದ 800 ಪಾಠದ ಅವಧಿ ಬೇಕು ಎಂಬುದು ಗೋಥೆ ಇನ್‌ಸ್ಟಿಟ್ಯೂಟ್‌ನ ಅಂದಾಜು. ಒಂದು ಅವಧಿ ಎಂದರೆ 45 ನಿಮಿಷ. ದಿನಕ್ಕೆ ಐದು ಅವಧಿ, ವಾರಕ್ಕೆ ಐದು ದಿನ ಎಂದರೆ 24ರಿಂದ 32 ವಾರ. ಇದು ಬರೀ ತರಗತಿಯ ಲೆಕ್ಕ. ಹಂತಗಳ ನಡುವಿನ ಬಿಡುವು, ಪರೀಕ್ಷೆಯ ದಿನಾಂಕಕ್ಕೆ ಕಾಯುವುದು, ಒಂದು ಭಾಗದಲ್ಲಿ ಫೇಲ್ ಆಗಿ ಮತ್ತೆ ಬರೆಯುವುದು ಸೇರಿದರೆ ಹತ್ತರಿಂದ ಹನ್ನೆರಡು ತಿಂಗಳು ಹಿಡಿಯುತ್ತದೆ. ಆಸ್ಪತ್ರೆಯ ಪಾಳಿ ಕೆಲಸ ಮಾಡುತ್ತಲೇ ಕಲಿಯುವವರಿಗೆ ಇನ್ನೂ ಹೆಚ್ಚು.

ಗೋಥೆಯ ಬಿ1 ಮತ್ತು ಬಿ2 ಪರೀಕ್ಷೆಗಳಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂದು ನಾಲ್ಕು ಭಾಗಗಳಿವೆ. ಪ್ರತಿ ಭಾಗದಲ್ಲೂ 100ಕ್ಕೆ 60 ಬರಬೇಕು. ಒಂದು ಭಾಗ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಆಲಿಸುವಿಕೆ ಮತ್ತು ಮಾತಿನಲ್ಲಿ, ಏಕೆಂದರೆ ಅನೇಕ ಕಡೆ ಪಾಠವೆಲ್ಲ ಪುಸ್ತಕದ ಅಭ್ಯಾಸಕ್ಕೇ ಸೀಮಿತವಾಗಿರುತ್ತದೆ. ತರಗತಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಎ2 ಮುಗಿಸಿದವರನ್ನು ಕರೆದು, ನಿನ್ನೆ ಏನೇನು ಮಾಡಿದಿರಿ ಎಂದು ಐದು ನಿಮಿಷ ಜರ್ಮನ್‌ನಲ್ಲಿ ಮಾತಾಡಲು ಹೇಳಿ. ಆಗದಿದ್ದರೆ ಬಿ1ಕ್ಕೆ ಹಣ ಕಟ್ಟಬೇಡಿ.

ಇಲ್ಲೊಂದು ಎಚ್ಚರಿಕೆ. 2024ರ ಮಾರ್ಚ್‌ನಿಂದ ಜರ್ಮನಿಯಲ್ಲಿ "ಮಾನ್ಯತಾ ಪಾಲುದಾರಿಕೆ" ಎಂಬ ಹೊಸ ದಾರಿ ತೆರೆದಿದೆ. ಇದರಲ್ಲಿ ಎ2 ಮಟ್ಟದ ಭಾಷೆ ಮತ್ತು ಕರಾರುಪತ್ರ ಇದ್ದರೆ ಮೊದಲು ಹೋಗಿ, ಮಾನ್ಯತೆಯ ಅರ್ಜಿಯನ್ನು ಅಲ್ಲಿಗೆ ಹೋದ ಮೇಲೆ ಹಾಕಬಹುದು. "ಎ2 ಸಾಕು" ಎಂದು ಏಜೆಂಟರು ಹೇಳುವುದು ಇದನ್ನೇ. ಕಾನೂನಿನ ಪ್ರಕಾರ ಅದು ಸುಳ್ಳಲ್ಲ. ಆದರೆ ಪೂರ್ಣ ನರ್ಸ್ ಆಗಲು ಬಿ2 ಬೇಕೆಂಬ ಷರತ್ತು ಹಾಗೇ ಉಳಿದಿದೆ. ಎ2 ಕಲಿತು ಹೋದವರು ಬೆಳಗಿನ ಪಾಳಿ ಮುಗಿಸಿ, ಸುಸ್ತಾಗಿ, ಸಂಜೆ ತರಗತಿಯಲ್ಲಿ ಕುಳಿತು ಬಿ1, ಬಿ2 ಮುಗಿಸಬೇಕು. ಅಷ್ಟೂ ದಿನ ಸಹಾಯಕಿಯ ಸಂಬಳ. ಇಲ್ಲೇ ಆರು ತಿಂಗಳು ಹೆಚ್ಚು ಕಲಿತು ಹೋಗುವುದು ಬಹುತೇಕರಿಗೆ ಲಾಭ.

ಎರಡನೆಯ ಕಾಗದ: ಕೊರತೆಯ ಆದೇಶ

ಜರ್ಮನಿಯಲ್ಲಿ ನರ್ಸ್ ವೃತ್ತಿ ಕಾನೂನಿನ ನಿಯಂತ್ರಣದಲ್ಲಿರುವ ವೃತ್ತಿ. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಪದವಿ ಮತ್ತು ಕರಾರುಪತ್ರ ಹಿಡಿದು ಹೋಗಿ ಮರುದಿನವೇ ಎಂಜಿನಿಯರ್ ಕೆಲಸ ಮಾಡಬಹುದು. ನರ್ಸ್‌ಗೆ ಹಾಗಲ್ಲ. ಅಲ್ಲಿನ ರಾಜ್ಯ ಸರ್ಕಾರದ ಕಚೇರಿಯೊಂದು "ಇವರ ಶಿಕ್ಷಣ ನಮ್ಮ ನರ್ಸಿಂಗ್ ಶಿಕ್ಷಣಕ್ಕೆ ಸಮ" ಎಂದು ಒಪ್ಪುವವರೆಗೆ ಆ ಹೆಸರಿನಲ್ಲಿ ಕೆಲಸ ಮಾಡುವಂತಿಲ್ಲ.

ಅವರು ಹೋಲಿಸುವುದು ಹೇಗೆ? ಅಲ್ಲಿನ ನರ್ಸಿಂಗ್ ತರಬೇತಿ ಮೂರು ವರ್ಷ. ಅದರಲ್ಲಿ 2,100 ಗಂಟೆ ಪಾಠ, 2,500 ಗಂಟೆ ಆಸ್ಪತ್ರೆ ಮತ್ತು ಆರೈಕೆ ಕೇಂದ್ರಗಳಲ್ಲಿ ಪ್ರಾಯೋಗಿಕ ಕೆಲಸ. ನಿಮ್ಮ ಬಿ.ಎಸ್ಸಿ. ಅಥವಾ ಜಿ.ಎನ್.ಎಂ. ಪಠ್ಯಕ್ರಮದ ವಿಷಯವಾರು ಗಂಟೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡುತ್ತಾರೆ. ನಮ್ಮಲ್ಲಿ ಪಾಠದ ಗಂಟೆಗಳು ಸಾಮಾನ್ಯವಾಗಿ ಸಾಕಾಗುತ್ತವೆ. ಕೊರತೆ ಕಾಣುವುದು ವೃದ್ಧರ ದೀರ್ಘಕಾಲದ ಆರೈಕೆಯಂಥ ವಿಭಾಗಗಳ ಪ್ರಾಯೋಗಿಕ ಕೆಲಸದಲ್ಲಿ. ಆದ್ದರಿಂದ ಭಾರತದ ನರ್ಸ್‌ಗಳಿಗೆ ಮೊದಲು ಬರುವ ಉತ್ತರ ಸಾಮಾನ್ಯವಾಗಿ ಪೂರ್ಣ ಮಾನ್ಯತೆ ಅಲ್ಲ. "ಇಂತಿಂಥ ಕಡೆ ಕೊರತೆ ಇದೆ, ಅದನ್ನು ಹೀಗೆ ತುಂಬಿಕೊಳ್ಳಬಹುದು" ಎಂದು ಹೇಳುವ ಆದೇಶ. ಜರ್ಮನ್‌ನಲ್ಲಿ ಇದಕ್ಕೆ ಡೆಫಿಟ್ಸಿಟ್‌ಬೆಶೈಡ್ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಇದು ತಿರಸ್ಕಾರದ ಪತ್ರವಲ್ಲ. ವೀಸಾ ಸಿಗುವುದೇ ಸಾಮಾನ್ಯವಾಗಿ ಈ ಆದೇಶದ ಆಧಾರದ ಮೇಲೆ.

ಕೊರತೆ ತುಂಬಲು ಎರಡು ದಾರಿಗಳಿವೆ. ಒಂದು, ಹೊಂದಾಣಿಕೆ ತರಬೇತಿ: ಆದೇಶದಲ್ಲಿ ಹೇಳಿದ ವಿಭಾಗಗಳಲ್ಲಿ ಹೇಳಿದಷ್ಟು ತಿಂಗಳು ಕೆಲಸ ಮತ್ತು ಪಾಠ, ಕೊನೆಯಲ್ಲಿ ಒಂದು ಸಂಭಾಷಣೆ. ಎರಡು, ಜ್ಞಾನ ಪರೀಕ್ಷೆ: ಮೌಖಿಕ ಭಾಗ ಒಂದು, ನಿಜವಾದ ರೋಗಿಗಳ ಆರೈಕೆ ಮಾಡಿ ತೋರಿಸುವ ಪ್ರಾಯೋಗಿಕ ಭಾಗ ಒಂದು. ಪರೀಕ್ಷೆಯಲ್ಲಿ ಫೇಲ್ ಆದರೆ ಇನ್ನೊಂದೇ ಅವಕಾಶ. ಎರಡರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು ಎಂಬುದು ಅಭ್ಯರ್ಥಿಯ ಆಯ್ಕೆ. ಆದರೆ ಆಸ್ಪತ್ರೆ ಯಾವುದಕ್ಕೆ ವ್ಯವಸ್ಥೆ ಮಾಡಿದೆ ಎಂಬುದು ವಾಸ್ತವದಲ್ಲಿ ಮುಖ್ಯವಾಗುತ್ತದೆ. ಎರಡಕ್ಕೂ ಆರರಿಂದ ಹನ್ನೆರಡು ತಿಂಗಳು ಇಟ್ಟುಕೊಳ್ಳಿ.

ಅರ್ಜಿ ಹಾಕಬೇಕಾದ ಕಚೇರಿ ಜರ್ಮನಿಯ ಒಂದೊಂದು ರಾಜ್ಯದಲ್ಲಿ ಒಂದೊಂದು. ಕೆಲಸ ಯಾವ ರಾಜ್ಯದಲ್ಲೋ ಅಲ್ಲಿನ ಕಚೇರಿಗೇ ಅರ್ಜಿ ಹೋಗಬೇಕು. ಹಾಗಾಗಿ ಕೆಲಸದ ಊರು ಗೊತ್ತಾಗದೆ ಅರ್ಜಿ ಹಾಕಿಸಿ ಹಣ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಕಚೇರಿ ಯಾವುದು, ಅದು ಯಾವ ದಾಖಲೆ ಕೇಳುತ್ತದೆ ಎಂಬುದನ್ನು ಜರ್ಮನ್ ಸರ್ಕಾರದ anerkennung-in-deutschland.de ತಾಣದಲ್ಲಿ ವೃತ್ತಿ ಮತ್ತು ಊರಿನ ಹೆಸರು ಕೊಟ್ಟು ನೋಡಬಹುದು.

ಈ ಹಂತದಲ್ಲಿ ತಡವಾಗುವುದು ಹೆಚ್ಚಾಗಿ ನಮ್ಮ ಕಡೆಯಿಂದಲೇ. ವಿಶ್ವವಿದ್ಯಾಲಯದಿಂದ (ರಾಜ್ಯದ ಬಹುತೇಕ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಅಂಕಪಟ್ಟಿ, ಪದವಿ ಪ್ರಮಾಣಪತ್ರ ಮತ್ತು ಟ್ರಾನ್ಸ್‌ಕ್ರಿಪ್ಟ್. ಕಾಲೇಜಿನಿಂದ ವಿಷಯವಾರು ಪಾಠ ಮತ್ತು ಕ್ಲಿನಿಕಲ್ ಗಂಟೆಗಳ ವಿವರ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ. ಕೆಲಸ ಮಾಡಿದ ಆಸ್ಪತ್ರೆಯಿಂದ ಅನುಭವ ಪತ್ರ. ಇವೆಲ್ಲ ಬೇರೆ ಬೇರೆ ಕಡೆಯಿಂದ ಬರಬೇಕು. ಅನುಭವ ಪತ್ರದಲ್ಲಿ "ಸ್ಟಾಫ್ ನರ್ಸ್ ಆಗಿ ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ" ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ಯಾವ ವಾರ್ಡು, ಎಷ್ಟು ಹಾಸಿಗೆ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂದು ಬರೆಸಬೇಕು. ಹೀಗೆ ಬರೆದ ಅನುಭವವನ್ನು ಕೊರತೆ ಕಡಿಮೆ ಮಾಡಲು ಪರಿಗಣಿಸುತ್ತಾರೆ. ವಯಸ್ಸಾದ ರೋಗಿಗಳ ವಾರ್ಡಿನಲ್ಲಿ ಒಂದು ವರ್ಷ ಕೆಲಸ ಮಾಡಿದ್ದು ಸರಿಯಾಗಿ ದಾಖಲಾದರೆ ಅಲ್ಲಿನ ಕೆಲವು ತಿಂಗಳ ತರಬೇತಿ ಉಳಿಯಬಹುದು.

ಇನ್ನೊಂದು ಸಣ್ಣ ಸಂಗತಿ ದೊಡ್ಡ ತಲೆನೋವಾಗುತ್ತದೆ: ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿಸಿ, ಪದವಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರು ಸೇರಿಸಿ ಇದ್ದರೆ ಮೂರೂ ಒಬ್ಬರೇ ಎಂದು ಸಾಬೀತು ಮಾಡಲು ಪತ್ರವ್ಯವಹಾರವೇ ಎರಡು ತಿಂಗಳು ತಿನ್ನುತ್ತದೆ. ಭಾಷಾ ತರಗತಿ ಶುರುವಾದ ದಿನವೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ ಹೆಸರು ಮತ್ತು ಜನ್ಮದಿನಾಂಕ ತಾಳೆ ನೋಡಿ. ತಿದ್ದಿಸುವುದಿದ್ದರೆ ಆಗಲೇ ತಿದ್ದಿಸಿ.

ಎಲ್ಲ ದಾಖಲೆ ಸೇರಿದ ಮೇಲೆ ಅಧಿಕೃತ ಅನುವಾದಕರಿಂದ ಜರ್ಮನ್‌ಗೆ ಅನುವಾದವಾಗಬೇಕು. ಇಡೀ ಪಠ್ಯಕ್ರಮ ಪುಸ್ತಕವನ್ನು ಅನುವಾದ ಮಾಡಿಸಬೇಡಿ. ಕಚೇರಿ ಕೇಳಿದ ಪುಟಗಳು ಮಾತ್ರ ಸಾಕು. ಯಾವ ಬಗೆಯ ದೃಢೀಕರಣ ಬೇಕು ಎಂಬುದನ್ನೂ ಆ ಕಚೇರಿಯ ಪಟ್ಟಿಯಲ್ಲಿ ನೋಡಿಯೇ ಹಣ ಕೊಡಿ. ಅರ್ಜಿ ಪೂರ್ಣವಾದ ಮೇಲೆ ಸುಮಾರು ಮೂರರಿಂದ ನಾಲ್ಕು ತಿಂಗಳಲ್ಲಿ ಆದೇಶ ಬರುತ್ತದೆ. ಉದ್ಯೋಗದಾತರು 411 ಯೂರೋ ಶುಲ್ಕ ಕಟ್ಟಿ ತ್ವರಿತ ಪ್ರಕ್ರಿಯೆಗೆ ಹಾಕಿದರೆ ಎರಡು ತಿಂಗಳಲ್ಲಿ ಆಗಬೇಕು, ವೀಸಾ ಅಪಾಯಿಂಟ್‌ಮೆಂಟ್ ಕೂಡ ಬೇಗ ಸಿಗುತ್ತದೆ. ಆದರೆ ದಿನಗಳ ಎಣಿಕೆ ಶುರುವಾಗುವುದು ಕೊನೆಯ ಕಾಗದ ತಲುಪಿದ ದಿನದಿಂದ ಎಂಬುದನ್ನು ಮರೆಯಬಾರದು.

ಮೂರನೆಯ ಕಾಗದ: ಕರಾರುಪತ್ರ

ಕರಾರುಪತ್ರದಲ್ಲಿ ಮೊದಲು ನೋಡಬೇಕಾದದ್ದು ಎರಡು ಸಂಬಳ. ಮಾನ್ಯತೆ ಸಿಗುವವರೆಗೆ ಸಹಾಯಕಿಯ ಸಂಬಳ, ಸಿಕ್ಕ ಮೇಲೆ ನರ್ಸ್ ಸಂಬಳ. ಎರಡನ್ನೂ ಸ್ಪಷ್ಟವಾಗಿ ಬರೆದಿರಬೇಕು. ವೃದ್ಧರ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈ 1ರಿಂದ ಕನಿಷ್ಠ ವೇತನ ತರಬೇತಿಯಿಲ್ಲದ ಸಹಾಯಕರಿಗೆ ಗಂಟೆಗೆ 16.10 ಯೂರೋ, ಮಾನ್ಯತೆ ಪಡೆದ ನರ್ಸ್‌ಗೆ 20.50 ಯೂರೋ. ವಾರಕ್ಕೆ 39 ಗಂಟೆಯಂತೆ ತಿಂಗಳಿಗೆ 169 ಗಂಟೆ ಹಿಡಿದರೆ ಸಹಾಯಕರಿಗೆ ಸುಮಾರು 2,720 ಯೂರೋ, ನರ್ಸ್‌ಗೆ ಸುಮಾರು 3,465 ಯೂರೋ. ಇದರಲ್ಲಿ ಒಂಟಿಯಾಗಿರುವವರಿಗೆ ಮೂರನೇ ಒಂದು ಭಾಗದಷ್ಟು ತೆರಿಗೆ, ಆರೋಗ್ಯ ವಿಮೆ, ಪಿಂಚಣಿಗೆ ಕಡಿತವಾಗುತ್ತದೆ. ಉಳಿದದ್ದರಲ್ಲಿ ಬಾಡಿಗೆ, ಊಟ. ಎರಡು ಸಂಬಳಗಳ ನಡುವಿನ ಅಂತರ ತಿಂಗಳಿಗೆ ಸುಮಾರು 745 ಯೂರೋ. ಅಂದರೆ ಮಾನ್ಯತೆ ಆರು ತಿಂಗಳು ತಡವಾದರೆ ಕಡಿತಕ್ಕೆ ಮೊದಲಿನ ಲೆಕ್ಕದಲ್ಲಿ 4,400 ಯೂರೋಗಿಂತ ಹೆಚ್ಚು ಕೈತಪ್ಪುತ್ತದೆ. ಭಾಷೆ ಮತ್ತು ದಾಖಲೆಗೆ ಇಷ್ಟು ಒತ್ತು ಕೊಡುವುದು ಇದಕ್ಕೇ.

ಎರಡನೆಯದು, ಹಣ ಹಿಂತಿರುಗಿಸುವ ಷರತ್ತು. "ಮೂರು ವರ್ಷಕ್ಕೆ ಮೊದಲು ಕೆಲಸ ಬಿಟ್ಟರೆ ಇಷ್ಟು ಸಾವಿರ ಯೂರೋ ಕೊಡಬೇಕು" ಎಂಬಂಥ ಸಾಲು ಕೆಲವು ಕರಾರುಗಳಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಮೊತ್ತ ಎಷ್ಟು, ಅದು ತಿಂಗಳು ಕಳೆದಂತೆ ಇಳಿಯುತ್ತದೆಯೇ, ಆಸ್ಪತ್ರೆಯೇ ಕೆಲಸದಿಂದ ತೆಗೆದರೂ ಕೊಡಬೇಕೇ ಎಂದು ಲಿಖಿತವಾಗಿ ಕೇಳಿ. ಕರಾರುಪತ್ರ ಜರ್ಮನ್‌ನಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿ ಕೇಳಿ. ಅದನ್ನು ಓದಲು ಒಂದು ವಾರ ಸಮಯ ಕೊಡದವರ ಹತ್ತಿರ ಸಹಿ ಹಾಕಬೇಡಿ.

ಮೂರನೆಯದು, ಯಾವ ಕೆಲಸ ಎಂಬುದು. ಬಿ.ಎಸ್ಸಿ. ಮುಗಿಸಿದವರನ್ನು "ಔಸ್‌ಬಿಲ್ಡುಂಗ್"ಗೆ ಸೇರಿಸುವುದು ಈಗ ಹೆಚ್ಚುತ್ತಿದೆ. ಔಸ್‌ಬಿಲ್ಡುಂಗ್ ಎಂದರೆ ಅಲ್ಲಿನ ಮೂರು ವರ್ಷದ ಮೂಲ ನರ್ಸಿಂಗ್ ತರಬೇತಿ. ಪದವಿಯ ಮಾನ್ಯತೆ ಬೇಡ, ಭಾಷೆಯೂ ಸಾಮಾನ್ಯವಾಗಿ ಬಿ1 ಸಾಕು. ಆದ್ದರಿಂದ ಏಜೆಂಟರಿಗೆ ಇದು ಸುಲಭ. ಮೊದಲ ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ತಿಂಗಳಿಗೆ 1,400 ಯೂರೋ ಆಸುಪಾಸು ಸ್ಟೈಪೆಂಡ್. ಪಿಯುಸಿ ಮುಗಿಸಿದ ಹತ್ತೊಂಬತ್ತರ ಹುಡುಗ ಹುಡುಗಿಯರಿಗೆ ಇದು ಒಳ್ಳೆಯ ದಾರಿಯೇ. ಆದರೆ ನಾಲ್ಕು ವರ್ಷ ಓದಿ, ಎರಡು ವರ್ಷ ಕೆಲಸ ಮಾಡಿದವರು ಮತ್ತೆ ಮೂರು ವರ್ಷ ಮೊದಲಿನಿಂದ ಕಲಿಯುವುದು ನಷ್ಟ. ಕರಾರುಪತ್ರದಲ್ಲಿ ಈ ಪದ ಕಂಡರೆ ನಿಂತು ಕೇಳಿ.

ಏಜೆಂಟರಿಗೆ ಕೊಡುವ ಹಣ

ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವವರು 1983ರ ವಲಸೆ ಕಾಯ್ದೆಯಡಿ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ರಸೀದಿ ಕೊಡಲೇಬೇಕು. emigrate.gov.in ತಾಣದಲ್ಲಿ ಏಜೆಂಟರ ಹೆಸರು ಹುಡುಕಿ, ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿ. "ನಾವು ಕನ್ಸಲ್ಟೆಂಟ್, ಏಜೆಂಟ್ ಅಲ್ಲ" ಎಂದು ಹೇಳಿ ನಾಲ್ಕು ಲಕ್ಷಕ್ಕೆ ತರಬೇತಿ, ದಾಖಲೆ, ಮಾರ್ಗದರ್ಶನ ಎಂದು ಬೇರೆ ಬೇರೆ ಹೆಸರಿನ ರಸೀದಿ ಕೊಡುವವರಿದ್ದಾರೆ. ಯಾವುದಕ್ಕೆ ಎಷ್ಟು, ಕೆಲಸ ಆಗದಿದ್ದರೆ ಎಷ್ಟು ವಾಪಸ್ ಎಂದು ಬರೆಸಿಕೊಳ್ಳದೆ ಹಣ ಕೊಡಬೇಡಿ. ಮೂಲ ಪ್ರಮಾಣಪತ್ರಗಳನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಅನೇಕ ಕುಟುಂಬಗಳಲ್ಲಿ ಹುಡುಗಿ ಬೇಡವೆಂದರೂ ಹಿಂದೆ ಸರಿಯಲು ಆಗದಂತೆ ಮಾಡಿರುವುದು ಹೀಗೆ ಸಿಕ್ಕಿಕೊಂಡ ಅಂಕಪಟ್ಟಿಗಳೇ.

ಇನ್ನೊಂದು ಕಡೆ, ಜರ್ಮನಿಯಲ್ಲಿ ನರ್ಸ್‌ಗಳ ನೇಮಕಾತಿಗೆ "ನ್ಯಾಯಯುತ ನೇಮಕಾತಿ" ಎಂಬ ಸರ್ಕಾರಿ ಗುರುತು ಇದೆ. ಅದನ್ನು ಪಡೆದ ಸಂಸ್ಥೆಗಳು ನೇಮಕಾತಿಯ ವೆಚ್ಚವನ್ನು ಉದ್ಯೋಗದಾತರಿಂದಲೇ ಪಡೆಯಬೇಕು, ನರ್ಸ್‌ನಿಂದಲ್ಲ. ಜರ್ಮನ್ ಸರ್ಕಾರದ್ದೇ ಆದ ಟ್ರಿಪಲ್ ವಿನ್ ಯೋಜನೆ ಕೇರಳದಲ್ಲಿ ನೋರ್ಕಾ ರೂಟ್ಸ್ ಮೂಲಕ ನಡೆಯುತ್ತಿದೆ. ಅಲ್ಲಿ ಆಯ್ಕೆಯಾದವರ ಭಾಷಾ ತರಬೇತಿಯೂ ಉಚಿತ. ನಮ್ಮ ರಾಜ್ಯದಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬೆಂಗಳೂರಿನಲ್ಲಿದೆ. ಖಾಸಗಿಯವರ ಬಳಿ ಹೋಗುವ ಮೊದಲು ಅಲ್ಲಿ ವಿಚಾರಿಸಿ.

ಒಂದು ಕುಟುಂಬದ ಲೆಕ್ಕ

ಇಷ್ಟನ್ನೂ ಒಂದು ಉದಾಹರಣೆಯಲ್ಲಿ ನೋಡೋಣ. ಚಿಕ್ಕೋಡಿ ಕಡೆಯ ಒಂದು ಮನೆ ಎಂದುಕೊಳ್ಳಿ. ತಂದೆಗೆ ಕಬ್ಬಿನ ಹೊಲ. ಮಗಳು ಬೆಳಗಾವಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಲ್ಲಿಯ ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾಳೆ. ವಯಸ್ಸು 25. ಜೂನ್‌ನಲ್ಲಿ ಎ1 ತರಗತಿಗೆ ಸೇರುತ್ತಾಳೆ.

ಜೂನ್‌ನಿಂದ ಫೆಬ್ರವರಿವರೆಗೆ ಎ1, ಎ2, ಬಿ1. ಇದೇ ಅವಧಿಯಲ್ಲಿ ಹೆಸರು ತಾಳೆ, ಟ್ರಾನ್ಸ್‌ಕ್ರಿಪ್ಟ್, ವಾರ್ಡು ಮತ್ತು ಗಂಟೆ ಬರೆದ ಅನುಭವ ಪತ್ರ ಎಲ್ಲ ಕೈಸೇರುತ್ತವೆ. ಬಿ1 ಆದ ಮೇಲೆ ವೀಡಿಯೊ ಸಂದರ್ಶನ, ಮಾರ್ಚ್‌ನಲ್ಲಿ ಕರಾರುಪತ್ರ. ಈಗ ರಾಜ್ಯ ಯಾವುದೆಂದು ಗೊತ್ತಾಯಿತು. ಏಪ್ರಿಲ್‌ನಲ್ಲಿ ಅನುವಾದ ಮಾಡಿಸಿ ಅರ್ಜಿ ಸಲ್ಲಿಕೆ. ಮೇ ಕೊನೆಯಲ್ಲಿ ಕಚೇರಿಯಿಂದ ಪತ್ರ: ಮಕ್ಕಳ ವಿಭಾಗದ ಕ್ಲಿನಿಕಲ್ ಗಂಟೆಗಳ ವಿವರ ಸ್ಪಷ್ಟವಿಲ್ಲ. ಕಾಲೇಜಿನಿಂದ ಮತ್ತೆ ಪತ್ರ ತರಿಸಿ ಕಳಿಸುವಷ್ಟರಲ್ಲಿ ಜೂನ್ ಕೊನೆ. ಜುಲೈನಲ್ಲಿ ಬಿ2 ಪರೀಕ್ಷೆ ಬರೆದು, ಆಲಿಸುವ ಭಾಗವೊಂದನ್ನು ಸೆಪ್ಟೆಂಬರ್‌ನಲ್ಲಿ ಮತ್ತೆ ಬರೆದು ಪಾಸಾಗುತ್ತಾಳೆ. ಅಕ್ಟೋಬರ್‌ನಲ್ಲಿ ಆದೇಶ: ವೃದ್ಧರ ಆರೈಕೆ ಸೇರಿ ಕೆಲವು ವಿಭಾಗಗಳಲ್ಲಿ ಹೊಂದಾಣಿಕೆ ತರಬೇತಿ ಅಥವಾ ಜ್ಞಾನ ಪರೀಕ್ಷೆ.

ಅಕ್ಟೋಬರ್ ಕೊನೆಗೆ ಬೆಂಗಳೂರಿನಲ್ಲಿ ವೀಸಾ ಅರ್ಜಿ. ಶುಲ್ಕ 75 ಯೂರೋ. ಉದ್ಯೋಗ ಇಲಾಖೆಯ ಒಪ್ಪಿಗೆ ಸೇರಿ ಎರಡರಿಂದ ಮೂರು ತಿಂಗಳು. ಜನವರಿಯಲ್ಲಿ ವಿಮಾನ. ಹೊರಟ ಯೋಚನೆಯಿಂದ ಇಲ್ಲಿಗೆ 19 ತಿಂಗಳು. ಅಲ್ಲಿ ಸಹಾಯಕಿಯಾಗಿ ಸೇರಿ, ತರಬೇತಿ ಮುಗಿಸಿ, ನವೆಂಬರ್‌ನಲ್ಲಿ ನರ್ಸ್ ಎಂಬ ಸರ್ಕಾರಿ ಪ್ರಮಾಣಪತ್ರ ಪಡೆಯುತ್ತಾಳೆ. ಒಟ್ಟು 29 ತಿಂಗಳು. ದೊಡ್ಡ ಅಡಚಣೆ ಒಂದೂ ಇಲ್ಲದೆ, ಒಂದು ಕಾಗದ ಮತ್ತು ಒಂದು ಪರೀಕ್ಷಾ ಭಾಗ ಮಾತ್ರ ತಡವಾದರೆ ಬರುವ ಲೆಕ್ಕ ಇದು. ಎಲ್ಲವೂ ಸಲೀಸಾಗಿ, ತ್ವರಿತ ಪ್ರಕ್ರಿಯೆಯೂ ಸಿಕ್ಕರೆ ಎರಡು ವರ್ಷಕ್ಕೆ ಇಳಿಯಬಹುದು. ಆರು ತಿಂಗಳಿಗೆ ಇಳಿಯುವುದಿಲ್ಲ.

ಈ 29 ತಿಂಗಳು ಮನೆಯವರ ಇತರ ಲೆಕ್ಕಗಳಿಗೂ ಮುಖ್ಯ. ಮೊದಲ 19 ತಿಂಗಳಲ್ಲಿ ಬಹುಪಾಲು ಅವಧಿ ಮಗಳ ಸಂಬಳ ಇರುವುದಿಲ್ಲ ಅಥವಾ ಅರ್ಧವಾಗುತ್ತದೆ. ಸಾಲ ಮಾಡಿದ್ದರೆ ಕಂತು ಆಗಲೇ ಶುರುವಾಗಿರುತ್ತದೆ. ಮದುವೆಯ ಮಾತು ನಡೆಯುತ್ತಿದ್ದರೆ ಎರಡೂ ಮನೆಯವರಿಗೆ ಈ ದಿನಗಳನ್ನು ಮೊದಲೇ ಹೇಳಿ. ಮಾನ್ಯತೆ ಸಿಗುವ ಮೊದಲೇ ಗಂಡನನ್ನು ಕರೆಸಿಕೊಳ್ಳಲು ಇಬ್ಬರಿಗೂ ಸಾಕಾಗುವ ಸಂಬಳ ಮತ್ತು ಮನೆ ತೋರಿಸಬೇಕು. ಸಹಾಯಕಿಯ ಸಂಬಳ ಮತ್ತು ಹಾಸ್ಟೆಲ್ ಕೋಣೆಯಲ್ಲಿ ಅದು ಕಷ್ಟ. ಕುಶಲ ಉದ್ಯೋಗಿಗಳಿಗೆ ಮೂರು ವರ್ಷದ ನಂತರ ಸಿಗುವ ಕಾಯಂ ವಾಸದ ಪರವಾನಗಿಯ ಎಣಿಕೆಯೂ ಮಾನ್ಯತೆ ಸಿಕ್ಕ ಮೇಲಿನ ಪರವಾನಗಿಯಿಂದ ಶುರುವಾಗುತ್ತದೆ, ವಿಮಾನ ಇಳಿದ ದಿನದಿಂದಲ್ಲ.

ಕೆಲಸದ ಬಗ್ಗೆ ಮನೆಯಲ್ಲಿ ಆಡಬೇಕಾದ ಮಾತು

ಕೊನೆಯದಾಗಿ ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಒಂದು ಸಂಗತಿ. ಜರ್ಮನಿಯಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ಊಟ ಮಾಡಿಸುವುದು ನರ್ಸ್‌ನ ಕೆಲಸವೇ. ಇಲ್ಲಿ ಆಯಾ ಅಥವಾ ರೋಗಿಯ ಮನೆಯವರು ಮಾಡುವ ಕೆಲಸ ಅದು. ಊಟ ಮಾಡಿಸುವುದು ಎಂದರೆ ಮಾಂಸದ ತಟ್ಟೆಯನ್ನು ಕೈಯಲ್ಲಿ ಹಿಡಿದು, ಕೈಲಾಗದ ವೃದ್ಧರಿಗೆ ತುಂಡು ಮಾಡಿ ತಿನ್ನಿಸುವುದೂ ಸೇರುತ್ತದೆ. ನಮ್ಮ ಆಹಾರ ನಿಯಮದ ಕಾರಣ ಹೇಳಿ ಇದರಿಂದ ಬಿಡುವು ಸಿಗುತ್ತದೆ ಎಂದು ನಂಬಿ ಹೋಗಬೇಡಿ. ತಮ್ಮ ಊಟವನ್ನು ತಾವೇ ಮಾಡಿಕೊಂಡು ನಿಯಮ ಪಾಲಿಸುವುದು ಕಷ್ಟವಲ್ಲ. ವಾರ್ಡಿನ ಕೆಲಸ ಬೇರೆ. ಅದು ಸಾಧ್ಯವೋ ಇಲ್ಲವೋ ಎಂಬುದನ್ನು ಹೋಗುವ ಹುಡುಗಿ ತಾನೇ ತೀರ್ಮಾನಿಸಬೇಕು. ಆ ತೀರ್ಮಾನ ಎ1 ತರಗತಿಗೆ ಹಣ ಕಟ್ಟುವ ಮೊದಲೇ ಆದರೆ ಒಳ್ಳೆಯದು.

ಒಪ್ಪಿಗೆಯಾದರೆ ಈ ವಾರ ಮಾಡಬಹುದಾದ ಕೆಲಸ ಎರಡು. ಎಲ್ಲ ದಾಖಲೆಗಳಲ್ಲಿ ಹೆಸರು ತಾಳೆ ನೋಡುವುದು, ಮತ್ತು ಕೆಲಸ ಮಾಡಿದ ಆಸ್ಪತ್ರೆಗೆ ವಿವರವಾದ ಅನುಭವ ಪತ್ರಕ್ಕಾಗಿ ಅರ್ಜಿ ಕೊಡುವುದು. ಎರಡಕ್ಕೂ ಯಾವ ಏಜೆಂಟರೂ ಬೇಕಿಲ್ಲ.